ಸಾಹೇಬರ ಕೊಠಡಿಯಲ್ಲಿ ಐದು ನಿಮಿಷ

ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಾಹೇಬರ ಕೊಠಡಿಯ ಬಾಗಿಲು ತೆರೆದು ಮುಚ್ಚುವುದನ್ನು ಇಡೀ ಕಚೇರಿ ಗಮನಿಸುತ್ತಿರುತ್ತದೆ. ಯಾರು ಒಳಗೆ ಹೋದರು, ಕೈಯಲ್ಲಿ ಕಡತ ಇತ್ತೋ ಇಲ್ಲವೋ, ಎಷ್ಟು ಹೊತ್ತು ಇದ್ದರು, ಹೊರಗೆ ಬರುವಾಗ ಮುಖ ಅರಳಿತ್ತೋ ಬಾಡಿತ್ತೋ ಎಂಬುದೆಲ್ಲ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಎಲ್ಲ ಶಾಖೆಗಳಿಗೂ ತಲುಪಿರುತ್ತದೆ. ಕಡತ ಹಿಡಿದು ಹೋದವರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬರಿಗೈಯಲ್ಲಿ ಹೋಗಿ ಕಾಲು ಗಂಟೆ ಕೂತು ಬಂದವರಿಗೆ ಮಾತ್ರ ಒಂದೇ ಷರಾ: ‘ಬಕೆಟ್ ಹಿಡಿಯೋಕೆ ಹೋಗಿದ್ದ.’

ಬಕೆಟ್ ಹಿಡಿಯುವುದು, ಬೆಣ್ಣೆ ಹಚ್ಚುವುದು, ಕಾಕಾ ಹೊಡೆಯುವುದು, ವಶೀಲಿ ಮಾಡಿಸುವುದು. ಮೇಲಿನವರನ್ನು ಓಲೈಸುವವರ ಬಗ್ಗೆ ನಮ್ಮ ಕಚೇರಿಗಳಲ್ಲಿ ಮಾತಿಗೆ ಬರವಿಲ್ಲ. ಈ ಮಾತು ಎಲ್ಲಿ ತನ್ನ ಬೆನ್ನಿಗೂ ಅಂಟಿಕೊಳ್ಳುತ್ತದೋ ಎಂದು ಹೆದರಿ, ನ್ಯಾಯವಾದ ಕೆಲಸಕ್ಕೂ ಮೇಲಧಿಕಾರಿಯ ಬಾಗಿಲು ತಟ್ಟದೆ ನಿವೃತ್ತರಾದವರು ಪ್ರತಿ ಕಚೇರಿಯಲ್ಲೂ ಸಿಗುತ್ತಾರೆ. ಹಾಗೆ ನೋಡಿದರೆ ಬಾಗಿಲು ತಟ್ಟುವುದರಲ್ಲಿ ತಪ್ಪೇನೂ ಇಲ್ಲ. ಏನು ಹಿಡಿದು ಹೋದರು, ಯಾರಿಗೆ ಹೇಳಿ ಹೋದರು, ಒಳಗೆ ಹೋಗಿ ಯಾವ ವಾಕ್ಯ ಆಡಿದರು ಎಂಬುದರ ಮೇಲೆ ಭೇಟಿಯ ಬಣ್ಣ ತೀರ್ಮಾನವಾಗುತ್ತದೆ.

ಒಂದು ಸಂದರ್ಭ ಕಲ್ಪಿಸಿಕೊಳ್ಳಬಹುದು. ಒಂದು ಜಿಲ್ಲೆಯ ಕಂದಾಯ ಇಲಾಖೆಯಲ್ಲಿ ಏಳೆಂಟು ವರ್ಷದಿಂದ ಕೆಲಸ ಮಾಡುತ್ತಿರುವ ದ್ವಿತೀಯ ದರ್ಜೆ ಸಹಾಯಕಿ. ಕಚೇರಿಯ ಮಾತಿನಲ್ಲಿ ಎಸ್‌ಡಿಎ. ಜಿಲ್ಲೆಯ ಎಸ್‌ಡಿಎಗಳ ಕರಡು ಜ್ಯೇಷ್ಠತಾ ಪಟ್ಟಿ ಹೊರಬಿದ್ದಿದೆ. ಒಂದೇ ನೇಮಕಾತಿಯಲ್ಲಿ ನೇರವಾಗಿ ಆಯ್ಕೆಯಾದವರ ನಡುವೆ ಹಿರಿತನ ತೀರ್ಮಾನವಾಗುವುದು ಆಯ್ಕೆ ಪಟ್ಟಿಯಲ್ಲಿನ ಕ್ರಮಾಂಕದ ಮೇಲೆ. ಈಕೆಯ ಕ್ರಮಾಂಕ 214. ಕರಡಿನಲ್ಲಿ ಟೈಪಾಗಿರುವುದು 412. ಅಂಕಿ ತಿರುಗಿಬಿದ್ದದ್ದರಿಂದ ಆಕೆ ಅದೇ ಜಿಲ್ಲೆಗೆ ಬಂದ ಆರು ಮಂದಿಗಿಂತ ಕೆಳಗಿಳಿದಿದ್ದಾಳೆ. ಪಟ್ಟಿ ಹೀಗೇ ಅಂತಿಮವಾದರೆ ಪ್ರಥಮ ದರ್ಜೆಗೆ ಬಡ್ತಿ ಸಿಗುವಾಗ ಆ ಆರು ಮಂದಿ ಮುಂದೆ, ಈಕೆ ಹಿಂದೆ.

ನಿಗದಿತ ಅವಧಿಯೊಳಗೆ ಆಕೆ ಆಕ್ಷೇಪಣೆ ಕೊಟ್ಟಿದ್ದಾಳೆ. ಉತ್ತರ ಬಂದಿಲ್ಲ. ಅಂತಿಮ ಪಟ್ಟಿ ಇನ್ನೇನು ಸಹಿಗೆ ಹೋಗುತ್ತದೆ ಎಂಬ ಸುದ್ದಿ ಇದೆ. ಸಹಿ ಹಾಕುವವರು ಜಿಲ್ಲಾಧಿಕಾರಿ. ಆಕೆಗೂ ಅವರಿಗೂ ನಡುವೆ ವಿಷಯ ನಿರ್ವಾಹಕ, ಶಿರಸ್ತೇದಾರ್, ಕಚೇರಿ ಸಹಾಯಕರಾದ ತಹಶೀಲ್ದಾರ್, ಅಪರ ಜಿಲ್ಲಾಧಿಕಾರಿ ಹೀಗೆ ನಾಲ್ಕು ಮೆಟ್ಟಿಲು.

ಇಲ್ಲಿಯವರೆಗೆ ಇದು ಅಂಕಿ ತಿದ್ದುವ ಕೆಲಸ, ಅಷ್ಟೆ. ಆದರೆ ಇದರಿಂದ ಲಾಭವಾಗುವುದು ಸ್ವಂತಕ್ಕೆ. ಕೇಳುತ್ತಿರುವುದು ಹಕ್ಕೇ ಆದರೂ ನೋಡುವವರ ಕಣ್ಣಿಗೆ ಉಪಕಾರದಂತೆ ಕಾಣುವ ಅಪಾಯ ಇರುವುದು ಇಂಥ ಕಡೆಯೇ.

ಸಲಹೆಗಳಿಗೇನೂ ಕೊರತೆಯಿಲ್ಲ. ಪಕ್ಕದ ಮೇಜಿನವರು ಹೇಳುತ್ತಾರೆ, ‘ಸಾಹೇಬ್ರು ನಮ್ಮ ಕಡೆಯೋರೇ ಕಣಮ್ಮ, ಭಾನುವಾರ ಬಂಗಲೆ ಹತ್ರ ಹೋಗು, ಒಂದು ಬುಟ್ಟಿ ಹಣ್ಣು ತಗೊಂಡು ಹೋಗು.’ ಇನ್ನೊಬ್ಬರದು, ‘ಎಮ್ಮೆಲ್ಲೆ ಪಿಎ ಪರಿಚಯ ಇದಾರೆ, ಒಂದು ಫೋನ್ ಮಾಡಿಸಿಬಿಡೋಣ.’ ಮೂರನೆಯವರು ಸಾಹೇಬರ ಮೊಬೈಲ್ ನಂಬರನ್ನೇ ಕೊಡುತ್ತಾರೆ, ‘ವಾಟ್ಸಾಪ್ ಹಾಕು, ನೋಡ್ತಾರೆ.’ ಮೂವರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ. ಮೂರೂ ದಾರಿ ಸರಿಯಿಲ್ಲ.

ಫೋನ್ ಮಾಡಿಸುವುದನ್ನು ಮೊದಲು ನೋಡಬಹುದು, ಅದಕ್ಕೆ ಸ್ಪಷ್ಟ ನಿಯಮವೇ ಇದೆ. ಕೇಂದ್ರ ನೌಕರರಿಗೆ ಅನ್ವಯಿಸುವ 1964ರ ನಡತೆ ನಿಯಮಗಳಲ್ಲಿ 20ನೆಯದು ಇದನ್ನು ನೇರವಾಗಿ ನಿಷೇಧಿಸುತ್ತದೆ. ತನ್ನ ಸೇವಾ ವಿಷಯದಲ್ಲಿ ಅನುಕೂಲ ಮಾಡಿಕೊಳ್ಳಲು ಯಾವ ನೌಕರನೂ ಮೇಲಧಿಕಾರಿಯ ಮೇಲೆ ರಾಜಕೀಯ ಅಥವಾ ಹೊರಗಿನ ಪ್ರಭಾವ ತರುವಂತಿಲ್ಲ, ತರಲು ಯತ್ನಿಸುವಂತೆಯೂ ಇಲ್ಲ. ಕರ್ನಾಟಕದ ನೌಕರರಿಗೆ 1966ರ ನಿಯಮಗಳ ಜಾಗದಲ್ಲಿ 2021ರಲ್ಲಿ ಬಂದ ನಡತೆ ನಿಯಮಗಳಿದ್ದು, ಅಲ್ಲಿಯೂ ಇಂಥ ಪ್ರಭಾವ ನಿಷಿದ್ಧ. ವರ್ಗಾವಣೆಯ ಕಾಲದಲ್ಲಿ ಶಾಸಕರ ಶಿಫಾರಸು ಪತ್ರಗಳು ಹೇಗೆ ಓಡಾಡುತ್ತವೆ ಎಂದು ಬಲ್ಲವರು ಇದನ್ನು ಓದಿ ನಗಬಹುದು. ಆದರೆ ಈ ಎಸ್‌ಡಿಎ ಪಾಲಿಗೆ ನಿಯಮಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಶಾಸಕರ ಕಡೆಯಿಂದ ಫೋನ್ ಬಂದ ಮರುಕ್ಷಣವೇ 214 ಮತ್ತು 412ರ ಪ್ರಶ್ನೆ ಹಿಂದೆ ಸರಿಯುತ್ತದೆ. ‘ಇವಳು ಯಾರ ಕಡೆಯವಳು’ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಗೆಲ್ಲುವ ದಾಖಲೆ ಕೈಯಲ್ಲಿದ್ದೂ ಆಕೆ ಶಿಫಾರಸಿನವಳಾಗಿಬಿಡುತ್ತಾಳೆ.

ಹಣ್ಣಿನ ಬುಟ್ಟಿಯ ಕಥೆ ಇನ್ನೂ ಸೂಕ್ಷ್ಮ. ಕಾಣಲು ಹೋಗುವಾಗ ಬರಿಗೈಯಲ್ಲಿ ಹೋಗಬಾರದು ಎಂಬುದು ನಮ್ಮ ಮನೆಗಳ ಪಾಠ. ಹಿರಿಯರನ್ನು, ಗುರುಗಳನ್ನು, ಬಾಣಂತಿಯನ್ನು ನೋಡಲು ಹೋಗುವಾಗ ಅದು ಸರಿ. ಅದೇ ಅಭ್ಯಾಸ ಕಚೇರಿಯ ಮೆಟ್ಟಿಲು ಹತ್ತಿದಾಗ ಅರ್ಥ ಬದಲಾಗುತ್ತದೆ. ಜನವರಿ 1ರಂದು ಹಿರಿಯ ಅಧಿಕಾರಿಗಳ ಕೊಠಡಿಯ ಮುಂದೆ ಹಾರ, ಶಾಲು, ಹಣ್ಣು, ಕೇಕು ಹಿಡಿದ ಸಾಲು ನೋಡಿದವರಿಗೆ ಇದು ಗೊತ್ತು. 2023ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಯಾದ ಕೆಲವೇ ದಿನಕ್ಕೆ ಸಿದ್ದರಾಮಯ್ಯನವರು, ಇನ್ನು ಮುಂದೆ ಹಾರ, ಶಾಲು ಸ್ವೀಕರಿಸುವುದಿಲ್ಲ, ಕೊಡಲೇಬೇಕೆನಿಸಿದರೆ ಪುಸ್ತಕ ಕೊಡಿ ಎಂದು ಬಹಿರಂಗವಾಗಿ ಹೇಳಬೇಕಾಯಿತು. ಬೇಡವೆಂದು ಸಾರಿ ಹೇಳಬೇಕಾಗುವಷ್ಟು ಆ ಪದ್ಧತಿ ಬೇರುಬಿಟ್ಟಿದೆ.

ಕೇಂದ್ರದ ನಡತೆ ನಿಯಮ ಈ ವಿಷಯದಲ್ಲಿ ಅಷ್ಟೇನೂ ಮಡಿವಂತ ಅಲ್ಲ. ಆಕಸ್ಮಿಕವಾಗಿ ಒಟ್ಟಿಗೆ ಮಾಡಿದ ಊಟ, ದಾರಿಯಲ್ಲಿ ವಾಹನ ಹತ್ತಿಸಿಕೊಂಡದ್ದು, ಇಂಥ ಸಾಮಾಜಿಕ ಸತ್ಕಾರ ಉಡುಗೊರೆಯಲ್ಲ ಎಂದು ಅದು ಬಿಡಿಸಿ ಹೇಳುತ್ತದೆ. ಕಚೇರಿ ವ್ಯವಹಾರ ಇರುವವರಿಂದ ಅದ್ದೂರಿ ಸತ್ಕಾರ, ಪದೇ ಪದೇ ಸತ್ಕಾರ ಬೇಡ ಎನ್ನುತ್ತದೆ. ಅಂದರೆ ವಸ್ತುವಿನ ಬೆಲೆಯ ಜೊತೆಗೆ ಕೊಡುವವರ ಕೆಲಸ ತೆಗೆದುಕೊಳ್ಳುವವರ ಮೇಜಿನ ಮೇಲಿದೆಯೇ ಎಂಬುದೂ ಮುಖ್ಯ. ಈ ಎಸ್‌ಡಿಎ ಕೊಂಡೊಯ್ಯುವ ಹಣ್ಣು ಇನ್ನೂರು ರೂಪಾಯಿಯದ್ದೇ ಇರಬಹುದು. ಆದರೆ ಆಕೆಯ ಕಡತ ಅವರ ಸಹಿಗೆ ಕಾಯುತ್ತಿದೆ. ಆ ಸೇಬುಗಳನ್ನು ಯಾವ ಪ್ರಾಮಾಣಿಕ ಅಧಿಕಾರಿಯೂ ನಿರಾಳವಾಗಿ ನೋಡಲಾರ.

ಬಂಗಲೆಗೆ ಹೋಗುವುದರಲ್ಲಿ ಮತ್ತೊಂದು ತೊಡಕು. ಕಚೇರಿಯಲ್ಲಿ ಅಧಿಕಾರಿ ‘ಆಗಲ್ಲ’ ಎನ್ನುವುದು ಸುಲಭ. ಮನೆಗೆ ಬಂದವರನ್ನು ಕೂರಿಸಬೇಕು, ಕಾಫಿ ಕೊಡಬೇಕು, ಒರಟಾಗಿ ಮಾತಾಡುವಂತಿಲ್ಲ. ನಮ್ಮ ಅತಿಥಿ ಮರ್ಯಾದೆಯೇ ಅವರ ಬಾಯಿ ಕಟ್ಟುತ್ತದೆ. ಮೇಲಿನವರಿಗೆ ‘ಇಲ್ಲ’ ಎನ್ನಲು ಜಾಗವಿಲ್ಲದ ಕಡೆ ಹೋಗಿ ಕೇಳುವುದನ್ನೇ ಅವರು ಒತ್ತಡವೆಂದು ತಿಳಿಯುತ್ತಾರೆ, ಕೇಳುವ ದನಿ ಎಷ್ಟೇ ಮೆತ್ತಗಿದ್ದರೂ.

ಹಾಗಾದರೆ ಸರಿಯಾದ ದಾರಿ ಎಲ್ಲಿಂದ ಶುರುವಾಗುತ್ತದೆ? ವಿಚಿತ್ರವೆನಿಸಬಹುದು, ಅದು ನಾಲ್ಕು ಮೆಟ್ಟಿಲು ಕೆಳಗೆ, ಕರಡು ಪಟ್ಟಿ ಟೈಪ್ ಮಾಡಿಸಿದ ವಿಷಯ ನಿರ್ವಾಹಕರ ಮೇಜಿನಿಂದ ಶುರುವಾಗುತ್ತದೆ. ಅಂಕಿ ತಿರುಗಿಸಿದ ತಪ್ಪು ಅವರದು. ಅವರಿಗೆ ತಿಳಿಸದೆ ಈಕೆ ನೇರವಾಗಿ ಮೇಲೆ ಹೋದರೆ, ಜಿಲ್ಲಾಧಿಕಾರಿ ಮೊದಲು ಕರೆಸಿ ಗದರಿಸುವುದು ಅವರನ್ನೇ. ಆಮೇಲೆ ತಿದ್ದುಪಡಿಯ ಟಿಪ್ಪಣಿ ಬರೆಯಬೇಕಾದವರೂ ಅವರೇ. ನೌಕರಿ ಮುಗಿಯುವವರೆಗೆ ಅದೇ ಕಚೇರಿಯಲ್ಲಿ ಇರಬೇಕಾದವರು ಈ ಲೆಕ್ಕ ಮರೆಯುವುದು ದುಬಾರಿ. ‘ಅಣ್ಣಾ, ನನ್ನ ಆಕ್ಷೇಪಣೆ ಕಡತಕ್ಕೆ ಸೇರಿದೆಯಾ? ಆಯ್ಕೆ ಪಟ್ಟಿ ನಂಬರ್ 214, ಇಲ್ಲಿ 412 ಆಗಿದೆ, ಒಂದ್ಸಲ ನೋಡ್ತೀರಾ?’ ಎಂದು ಕೇಳಿದರೆ ಎಷ್ಟೋ ಬಾರಿ ಕೆಲಸ ಅಲ್ಲಿಗೇ ಮುಗಿಯುತ್ತದೆ. ಜಿಲ್ಲಾಧಿಕಾರಿಯ ಬಾಗಿಲು ಬೇಕಾಗುವುದೇ ಇಲ್ಲ.

ಮುಗಿಯಲಿಲ್ಲ ಎಂದುಕೊಳ್ಳೋಣ. ‘ಕಡತ ಮೇಲೆ ಹೋಗಿದೆ, ಈಗ ಏನೂ ಮಾಡೋಕಾಗಲ್ಲ’ ಎಂಬ ಉತ್ತರ ಬಂತು. ಆಗ ಮುಂದಿನ ಮೆಟ್ಟಿಲು ಶಿರಸ್ತೇದಾರ್. ಅವರ ಬಳಿ ಆಕೆ ಎರಡು ಮಾತು ಹೇಳಬೇಕು: ಆಕ್ಷೇಪಣೆಗೆ ಉತ್ತರ ಬಂದಿಲ್ಲ, ಜಿಲ್ಲಾಧಿಕಾರಿಯವರನ್ನು ಕಾಣಬೇಕೆಂದಿದ್ದೇನೆ. ಇದನ್ನು ಅನುಮತಿ ಎಂದಾದರೂ ಕರೆಯಿರಿ, ಮಾಹಿತಿ ಎಂದಾದರೂ ಕರೆಯಿರಿ. ಮುಖ್ಯವಾದದ್ದು, ನಾಳೆ ಜಿಲ್ಲಾಧಿಕಾರಿ ‘ನಿಮ್ಮ ಶಿರಸ್ತೇದಾರ್‌ಗೆ ಹೇಳಿದ್ದೀರಾ?’ ಎಂದು ಕೇಳಿದಾಗ ‘ಹೇಳಿದ್ದೇನೆ ಸರ್’ ಎನ್ನುವಂತಿರಬೇಕು. ಆ ಪ್ರಶ್ನೆ ಬಂದೇ ಬರುತ್ತದೆ. ‘ಇಲ್ಲ’ ಎಂದರೆ ಭೇಟಿ ಅಲ್ಲಿಗೇ ಕೆಡುತ್ತದೆ.

ಕಾಗದದಲ್ಲೂ ಇದೇ ಕ್ರಮ. ಮನವಿಯಲ್ಲಿ ‘ಇವರಿಗೆ’ ಎಂದು ಜಿಲ್ಲಾಧಿಕಾರಿಯ ಪದನಾಮ ಬರೆದ ಮೇಲೆ, ಕೆಳಗೆ ‘ಮುಖಾಂತರ’ ಎಂದು ತನ್ನ ಮೇಲಿನವರ ಪದನಾಮ ಇರಬೇಕು. ಹೊಸದಾಗಿ ಸೇರಿದವರು ಈ ಒಂದು ಸಾಲನ್ನು ಬರಿಯ ಶಿಷ್ಟಾಚಾರ ಎಂದುಕೊಂಡು ಬಿಟ್ಟುಬಿಡುವುದುಂಟು. ನಡುವಿನ ಯಾರನ್ನೂ ಹಾರಿ ಬಂದಿಲ್ಲ ಎಂಬುದಕ್ಕೆ ಆ ಸಾಲೇ ಸಾಕ್ಷಿ. ವಾಟ್ಸಾಪ್‌ನಲ್ಲಿ ‘ಮುಖಾಂತರ’ ಇಲ್ಲ, ಅದಕ್ಕೇ ಆ ದಾರಿ ಕಣ್ಣು ಕುಕ್ಕುತ್ತದೆ. ದಿನವೂ ಬೆಳಿಗ್ಗೆ ಸಾಹೇಬರಿಗೆ ಸೂರ್ಯೋದಯದ ಚಿತ್ರದ ಜೊತೆ ಶುಭೋದಯ ಕಳಿಸುವವರೂ ಇದ್ದಾರೆ. ಅವರಿಗೆ ಒಂದು ದಿನ ನಿಜವಾದ ಕೆಲಸ ಬಿದ್ದಾಗ ಆ ಸಂದೇಶವೂ ಸೂರ್ಯೋದಯಗಳ ಸಾಲಿನಲ್ಲಿ ಮುಚ್ಚಿಹೋಗುತ್ತದೆ.

ಇನ್ನು ಕೈಯಲ್ಲಿ ಏನಿರಬೇಕು? ಒಂದೇ ಪುಟದ ಮನವಿ. ಅದಕ್ಕೆ ಮೂರು ಲಗತ್ತು: ಆಯ್ಕೆ ಪಟ್ಟಿಯಲ್ಲಿ ತನ್ನ ಹೆಸರಿರುವ ಪುಟ, ಕರಡು ಜ್ಯೇಷ್ಠತಾ ಪಟ್ಟಿಯ ಪುಟ, ಆಕ್ಷೇಪಣೆ ಸಲ್ಲಿಸಿದ್ದಕ್ಕೆ ಟಪಾಲು ಶಾಖೆ ಕೊಟ್ಟ ಸ್ವೀಕೃತಿ. ಎರಡೂ ಪಟ್ಟಿಗಳಲ್ಲಿ ತನ್ನ ಸಾಲಿನ ಪಕ್ಕ ಪೆನ್ಸಿಲಿನ ಗುರುತು ಹಾಕಿದ್ದರೆ ಸಾಹೇಬರು ಹುಡುಕಬೇಕಿಲ್ಲ. ದಿನಕ್ಕೆ ನೂರಾರು ಸಹಿ ಹಾಕುವವರಿಗೆ ಅವರ ಹೊತ್ತು ಉಳಿಸಿಕೊಡುವುದಕ್ಕಿಂತ ದೊಡ್ಡ ಗೌರವ ಇಲ್ಲ. ನಡು ಬಗ್ಗಿಸಿ ಮೂರು ಸಲ ನಮಸ್ಕಾರ ಹಾಕುವುದು ಅದರ ಮುಂದೆ ಏನೇನೂ ಅಲ್ಲ.

ಆಪ್ತ ಸಹಾಯಕರ ಬಳಿ ಹೋದಾಗ ‘ಸ್ವಂತ ವಿಷಯ’ ಎನ್ನಬಾರದು. ಎಷ್ಟೋ ಜನ ಸಂಕೋಚದಿಂದ ಹಾಗೆನ್ನುತ್ತಾರೆ, ಕೇಳಿದವರ ಹುಬ್ಬು ಮೇಲೇರುತ್ತದೆ. ‘ಎಸ್‌ಡಿಎ ಜ್ಯೇಷ್ಠತಾ ಪಟ್ಟಿ, ನನ್ನ ಆಕ್ಷೇಪಣೆ ಬಗ್ಗೆ, ಐದು ನಿಮಿಷ’ ಎಂದರೆ ಸಾಕು. ಗುಟ್ಟೇನೂ ಇಲ್ಲದ ವಿಷಯವನ್ನು ಗುಟ್ಟು ಮಾಡಿದರೆ ಬೆಂಚಿನ ಮೇಲೆ ಕೂತವರಿಗೆ ಕಥೆ ಕಟ್ಟಲು ನಾವೇ ನೂಲು ಕೊಟ್ಟಂತೆ. ಸಾರ್ವಜನಿಕರ ಅಹವಾಲಿಗೆ ಮೀಸಲಾದ ಹೊತ್ತಿನಲ್ಲಿ ಆ ಸಾಲಿನಲ್ಲಿ ನಿಲ್ಲುವುದೂ ಬೇಡ. ಅದು ಹಳ್ಳಿಯಿಂದ ಬಸ್ಸು ಹತ್ತಿ ಬಂದವರ ಹೊತ್ತು.

ಕೊಠಡಿಯ ಒಳಗೆ ಬಂದದ್ದಾಯಿತು. ಸಾಹೇಬರು ಕಡತಕ್ಕೆ ಸಹಿ ಹಾಕುತ್ತಲೇ, ತಲೆ ಎತ್ತದೆ ‘ಹೇಳಿ’ ಎನ್ನುತ್ತಾರೆ. ಆ ಕ್ಷಣದಲ್ಲಿ ನಾಲಿಗೆಗೆ ತಾನಾಗಿ ಬರುವ ಕೆಲವು ವಾಕ್ಯಗಳಿವೆ. ‘ಸರ್, ತಮ್ಮಿಂದ ಒಂದು ಉಪಕಾರ ಆಗಬೇಕಿತ್ತು.’ ‘ತಾವು ಮನಸ್ಸು ಮಾಡಿದ್ರೆ ಆಗುತ್ತೆ ಸರ್.’ ‘ತಮ್ಮ ಆಶೀರ್ವಾದ ಬೇಕು.’ ಇವು ವಿನಯದ ಮಾತುಗಳೆಂದೇ ಆಡುವವರ ನಂಬಿಕೆ. ‘ತಾವು ಮನಸ್ಸು ಮಾಡಿದ್ರೆ’ ಎಂಬುದನ್ನು ಮಾತ್ರ ಬಿಡಿಸಿ ನೋಡಬೇಕು. ನಿಯಮ ಏನೇ ಇರಲಿ, ತಮ್ಮ ಮನಸ್ಸೇ ನಿಯಮ ಎಂಬುದು ಅದರ ತಿರುಳು. ಹೊಗಳಿಕೆಯೂ ಅದರಲ್ಲೇ ಇದೆ, ಋಣದ ಮಾತೂ ಅದರಲ್ಲೇ ಇದೆ. 214 ಎಂಬುದು ಆಯ್ಕೆ ಪಟ್ಟಿಯಲ್ಲಿ ಅಚ್ಚಾಗಿರುವ ಸಂಖ್ಯೆ. ಅದಕ್ಕೆ ಯಾರೂ ಮನಸ್ಸು ಮಾಡಬೇಕಿಲ್ಲ, ಕಣ್ಣು ಹಾಯಿಸಿದರೆ ಸಾಕು.

ಆಕೆ ಆಡಬೇಕಾದದ್ದು ನಾಲ್ಕೇ ವಾಕ್ಯ. ‘ಸರ್, ನಾನು ಭೂಸ್ವಾಧೀನ ಶಾಖೆಯ ಎಸ್‌ಡಿಎ. ಆಯ್ಕೆ ಪಟ್ಟಿಯಲ್ಲಿ ನನ್ನ ಕ್ರಮಾಂಕ 214, ಕರಡು ಜ್ಯೇಷ್ಠತಾ ಪಟ್ಟಿಯಲ್ಲಿ 412 ಎಂದಾಗಿದೆ. ಅವಧಿಯೊಳಗೇ ಆಕ್ಷೇಪಣೆ ಕೊಟ್ಟಿದ್ದೇನೆ, ಸ್ವೀಕೃತಿ ಲಗತ್ತಿಸಿದ್ದೇನೆ. ಪಟ್ಟಿ ಅಂತಿಮ ಮಾಡುವ ಮೊದಲು ತಾವು ಪರಿಶೀಲಿಸಬೇಕೆಂದು ಕೋರಿಕೆ.’ ಇದರಲ್ಲಿ ‘ತಾವು’ ಇದೆ, ‘ಸರ್’ ಇದೆ, ‘ಕೋರಿಕೆ’ ಇದೆ. ಕನ್ನಡದ ಬಹುವಚನದಲ್ಲೇ ಸಾಕಷ್ಟು ಮರ್ಯಾದೆ ತುಂಬಿದೆ, ಅದರ ಮೇಲೆ ಇನ್ನಷ್ಟು ಸುರಿಯಬೇಕಿಲ್ಲ. ವಿಷಯ ನಿರ್ವಾಹಕರ ಹೆಸರು ಎಲ್ಲಿಯೂ ಬಂದಿಲ್ಲ. ‘412 ಎಂದಾಗಿದೆ’ ಎಂಬ ಕರ್ತೃವಿಲ್ಲದ ವಾಕ್ಯ ಅದಕ್ಕೇ ಬೇಕು. ‘ಅವರು ತಪ್ಪು ಮಾಡಿದ್ದಾರೆ’ ಎಂದರೆ ತಿದ್ದುಪಡಿಯ ಮನವಿ ಹೋಗಿ ದೂರು ಆಗುತ್ತದೆ. ತನ್ನ ಮನೆಯ ಕಷ್ಟ, ಅತ್ತೆಯ ಕಾಯಿಲೆ, ಏಳೆಂಟು ವರ್ಷದ ಪ್ರಾಮಾಣಿಕ ಸೇವೆ, ಇವೂ ಬಂದಿಲ್ಲ. ಕೋರಿಕೆ ವರ್ಗಾವಣೆಗಾದರೆ ಕಾಯಿಲೆ ಹೇಳಲೇಬೇಕು, ಅಲ್ಲಿ ಅದು ನಿಜವಾದ ಕಾರಣ. ಇಲ್ಲಿ ಅದನ್ನು ತಂದರೆ ಕನಿಕರ ಕೇಳಿದಂತೆ.

ಸಾಹೇಬರು ‘ನೋಡೋಣ’ ಎನ್ನಬಹುದು. ಅಥವಾ ಮನವಿಯ ಅಂಚಿನಲ್ಲಿ ಏನೋ ಗೀಚಿ ಟ್ರೇಗೆ ಹಾಕಬಹುದು. ಕೆಲಸ ಕೆಡುವುದು ಹೆಚ್ಚಾಗಿ ಈ ಹೊತ್ತಿನಲ್ಲಿಯೇ. ‘ನೋಡೋಣ’ ಕೇಳಿದ ತಕ್ಷಣ ಎದೆ ಹೊಡೆದುಕೊಂಡು ‘ಹಾಗಲ್ಲ ಸರ್, ದಯವಿಟ್ಟು ಸರ್’ ಎಂದು ಮತ್ತೆ ಮೊದಲಿನಿಂದ ಶುರುಮಾಡುವವರಿದ್ದಾರೆ. ‘ಧನ್ಯವಾದ ಸರ್’ ಎಂದು ಹೊರಬೀಳಬೇಕು. ಹೊರಗೆ ಬಂದ ಮೇಲೆ ‘ಸಾಹೇಬ್ರೇ ಹೇಳಿದಾರೆ, ಮಾಡಿಕೊಡ್ತಾರಂತೆ’ ಎಂದು ವಿಷಯ ನಿರ್ವಾಹಕರ ಮುಂದೆ ಹೇಳುವುದಂತೂ ಕೂಡದು. ಇಲ್ಲದ ಭರವಸೆಯನ್ನು ಸಾಹೇಬರ ಹೆಸರಿನಲ್ಲಿ ಹಂಚಿದ ಸುದ್ದಿ ಅವರ ಕಿವಿಗೆ ಬಿದ್ದರೆ, ಮುಂದೆ ಆಕೆಗೆ ಆ ಬಾಗಿಲು ತೆರೆಯುವುದಿಲ್ಲ.

ಇದೇ ಮೆಟ್ಟಿಲುಗಳನ್ನು ಯಾರ ಅನುಮಾನಕ್ಕೂ ಈಡಾಗದೆ ಹತ್ತುವ ಇನ್ನೊಂದು ದಾರಿ ಕಚೇರಿ ಪದ್ಧತಿಯಲ್ಲೇ ಇದೆ. ಕಡತದ ಟಿಪ್ಪಣಿಯಲ್ಲಿ ಸಂಶಯ ಬಂದಾಗ ಮೇಲಧಿಕಾರಿ ಅಂಚಿನಲ್ಲಿ ‘ಚರ್ಚಿಸಿ’ ಎಂದು ಬರೆಯುತ್ತಾರೆ. ಆ ಒಂದು ಪದ ಕೆಳಗಿನವರಿಗೆ ಆಹ್ವಾನ. ಹೋಗಿ ಮಾತಾಡಿ ಬಂದವರು ‘ಚರ್ಚಿಸಿದಂತೆ ಕಡತವನ್ನು ಮರುಮಂಡಿಸಿದೆ’ ಎಂದು ಬರೆದು ಮುಂದಿನ ಪ್ರಸ್ತಾವ ಇಡುತ್ತಾರೆ. ಮಾತು ಕೊಠಡಿಯಲ್ಲಿ ನಡೆಯಿತು, ಅದರ ಗುರುತು ಕಡತದಲ್ಲಿ ಉಳಿಯಿತು. ತೂಕದ ಟಿಪ್ಪಣಿ ಬರೆಯುವ ಕಿರಿಯರಿಗೆ ಈ ‘ಚರ್ಚಿಸಿ’ ಮತ್ತೆ ಮತ್ತೆ ಸಿಗುತ್ತದೆ. ಬಂಗಲೆಯ ಗೇಟು ಕಾಯದೆಯೇ ಹಿರಿಯರ ಪರಿಚಯವಾಗುತ್ತದೆ.

ಗೌರವ ಮತ್ತು ದಾಖಲೆ ಎರಡೂ ಒಟ್ಟಿಗೆ ಬೇಕಾಗುವ ಇನ್ನೊಂದು ಗಳಿಗೆ, ಮೇಲಿನವರೇ ಬಾಯಿಮಾತಿನಲ್ಲಿ ಏನನ್ನಾದರೂ ಮಾಡು ಎಂದಾಗ. ಆದೇಶ ಸಾಮಾನ್ಯವಾಗಿ ಲಿಖಿತದಲ್ಲೇ ಇರಬೇಕು, ಅನಿವಾರ್ಯವಾಗಿ ಬಾಯಿಮಾತಿನಲ್ಲಿ ಕೊಟ್ಟರೆ ಆಮೇಲೆ ಲಿಖಿತವಾಗಿ ದೃಢಪಡಿಸಬೇಕು, ಕೆಳಗಿನವರೂ ಹಾಗೆ ದೃಢೀಕರಣ ಕೇಳಿ ಪಡೆಯಬೇಕು ಎಂದು ಕೇಂದ್ರದ ನಿಯಮ ಹೇಳುತ್ತದೆ. ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅಧಿಕಾರಿಗಳು ಬರಿಯ ಮೌಖಿಕ ಸೂಚನೆಯ ಮೇಲೆ ನಡೆಯಬಾರದು ಎಂದಿತು. ‘ಬರೆದು ಕೊಡಿ ಸರ್’ ಎಂದು ಎದುರಿಗೆ ಹೇಳಿದರೆ ಸವಾಲು ಹಾಕಿದಂತೆ ಕೇಳಿಸುತ್ತದೆ. ಅನುಭವಿಗಳು ಹಾಗೆನ್ನದೆ ಟಿಪ್ಪಣಿಯಲ್ಲೇ ‘ಈ ದಿನ ತಾವು ಮೌಖಿಕವಾಗಿ ಸೂಚಿಸಿದಂತೆ ಕ್ರಮವಹಿಸಲು, ಅನುಮೋದನೆಗಾಗಿ ಸಲ್ಲಿಸಿದೆ’ ಎಂದು ಬರೆದು ಕಳಿಸುತ್ತಾರೆ. ಸಹಿ ಬಿದ್ದರೆ ಸರಿ, ಬೀಳದಿದ್ದರೆ ಅದೂ ಒಂದು ಉತ್ತರವೇ.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಎಸ್‌ಡಿಎಯ ಕೆಲಸ ಆಗದೇ ಹೋಗಬಹುದು. ಸಾಹೇಬರಿಗೆ ವರ್ಗವಾಗಬಹುದು, ಕಡತ ಮತ್ತೆ ಕೆಳಗಿನಿಂದ ಹೊರಡಬಹುದು, ಪಟ್ಟಿ 412ರ ಜೊತೆಗೇ ಅಂತಿಮವಾಗಬಹುದು. ಆಗ ಉಳಿಯುವುದು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. ಅದು ನಡೆಯುವುದು 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯ ಪ್ರಕಾರ. ಇಲಾಖೆಯೊಳಗಿನ ದಾರಿಗಳನ್ನೆಲ್ಲ ತುಳಿದು ಬಂದಿದ್ದೀರಾ ಎಂದು ನ್ಯಾಯಮಂಡಳಿ ಸಾಮಾನ್ಯವಾಗಿ ಮೊದಲು ನೋಡುತ್ತದೆ. ಮನವಿ ಸಲ್ಲಿಸಿ ಆರು ತಿಂಗಳಾದರೂ ಆದೇಶ ಬರದಿದ್ದರೆ, ಆ ದಾರಿ ಮುಗಿದಿದೆ ಎಂದೇ ಲೆಕ್ಕ. ಆರು ತಿಂಗಳನ್ನು ಎಣಿಸುವುದು ಮನವಿ ಸಲ್ಲಿಸಿದ ದಿನದಿಂದ.

ಭಾನುವಾರ ಬಂಗಲೆಗೆ ಹೋಗಿ ಬಂದವರ ಬಳಿ ಎಣಿಸಲು ಯಾವ ದಿನಾಂಕವೂ ಇರುವುದಿಲ್ಲ. ಆಕೆಯ ಕೈಚೀಲದಲ್ಲಿ ಟಪಾಲು ಶಾಖೆಯ ಮೊಹರು ಬಿದ್ದ ಚೀಟಿ ಇದೆ, ನೇರಳೆ ಮಸಿ ಸ್ವಲ್ಪ ಕಲಸಿದೆ, ತಾರೀಖು ಓದುವಂತಿದೆ.